ಟ್ಯೂಷನ್ ನಡುವೆ ನಿಲ್ಲಿಸಿದರೂ ಮೇಷ್ಟ್ರ ಲೆಕ್ಕ ಚುಕ್ತಾ: ನಾನು ಮಾಡಿದ ರೀತಿ

ಮನೆಗೆ ಬಂದು ಪಾಠ ಹೇಳುವ ಮೇಷ್ಟ್ರನ್ನು ವರ್ಷದ ನಡುವೆ ಬಿಡಿಸುವುದೆಂದರೆ ನಮ್ಮ ಕಡೆ ಎರಡೇ ದಾರಿ. ಒಂದು, ತಿಂಗಳ ಕೊನೆಯವರೆಗೆ ಎಳೆದು "ಮುಂದಿನ ತಿಂಗಳಿಂದ ಬೇಡ ಸರ್" ಅಂತ ಮೆಸೇಜ್ ಹಾಕುವುದು. ಇನ್ನೊಂದು, ಫೋನ್ ಎತ್ತದೇ ಇರುವುದು. ತಿಂಗಳ ಮಧ್ಯದಲ್ಲೇ ಹೇಳಿ, ಕ್ಲಾಸ್ ಲೆಕ್ಕ ಹಾಕಿ, ಒಂದು ರೂಪಾಯಿ ಜಗಳವಿಲ್ಲದೆ ಮುಗಿಸಬಹುದು ಅಂದಾಗ ಅಪಾರ್ಟ್‌ಮೆಂಟಿನ ಅಮ್ಮಂದಿರು ನಕ್ಕರು. "ಬರಹದಲ್ಲಿ ಏನೂ ಇಲ್ಲವಲ್ಲ, ಕೊಡಲೇಬೇಕು ಅಂತ ಯಾರು ಹೇಳಿದ್ದು ಅತ್ತಿಗೆ?" ಅಂದ ಮೈದುನ. ಬರಹ ಇಲ್ಲದಿದ್ದರೂ, ಪುಕ್ಕಟೆ ಅಂತ ಹೇಳದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕ ಹಣ ಕೊಡಬೇಕು ಅಂತ 1872ರ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಅಷ್ಟು ಹೇಳಿ ಅವನ ಬಾಯಿ ಮುಚ್ಚಿಸಿದೆ.

ವಿಷಯ ಇಷ್ಟೇ: ಕೊಟ್ಟ ಅಡ್ವಾನ್ಸನ್ನು ವಾಪಸ್ ಕೇಳುವ ಸ್ಥಿತಿಗೇ ಬರಬಾರದು. ಮೇಷ್ಟ್ರ ಕೈ ಸೇರಿದ ದುಡ್ಡು ಪೂರ್ತಿ ವಾಪಸ್ ಬಂದದ್ದು ನಾನಂತೂ ಕಂಡಿಲ್ಲ. ಬಂದರೂ ಜೊತೆಗೆ ನಾಲ್ಕು ಮಾತು ಬರುತ್ತದೆ. ಹಾಗಾಗಿ ಉಳಿದ ದುಡ್ಡಿಗೆ ಎಷ್ಟು ಕ್ಲಾಸ್ ಬರುತ್ತದೋ ಅದನ್ನೇ ನೋಟಿಸ್ ಅವಧಿ ಮಾಡಿಕೊಳ್ಳಬೇಕು.

ಮೊದಲು ಒಂದು ಕ್ಲಾಸಿನ ಬೆಲೆ. ಒಂಬತ್ತನೇ ಕ್ಲಾಸಿನ ಗಣಿತ, ವಿಜ್ಞಾನಕ್ಕೆ ಸೋಮ, ಬುಧ, ಶುಕ್ರ ಸಂಜೆ ಒಂದು ಗಂಟೆ, ತಿಂಗಳಿಗೆ ಸುಮಾರು 6,000 ರೂಪಾಯಿ, ಮುಂಗಡ. ಇದನ್ನು ತುಂಬ ಜನ ತಿಂಗಳ 30 ದಿನಕ್ಕೆ ಭಾಗಿಸುತ್ತಾರೆ. ದಿನಕ್ಕೆ 200, 12ನೇ ತಾರೀಕಿಗೆ ನಿಲ್ಲಿಸಿದರೆ 2,400 ಅಂತ. ಇದು ಮೇಷ್ಟ್ರಿಗೆ ಮೋಸ, ಯಾಕೆಂದರೆ ಪರೀಕ್ಷೆಗೆ ಮುಂಚೆ ಅವರು ಹೆಚ್ಚು ಕೂತಿರುತ್ತಾರೆ. ಕ್ಲಾಸಿಗೇ ಭಾಗಿಸಬೇಕು. ಅದೂ 12ಕ್ಕೋ 13ಕ್ಕೋ ಅನ್ನುವುದು ಮುಂದಿನ ಪ್ರಶ್ನೆ. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಬರುತ್ತದೆ, ಅಂದರೆ ತಿಂಗಳಿಗೆ ಸರಾಸರಿ 13. ಕೆಲವು ತಿಂಗಳು 14 ಕೂಡ ಆಗುತ್ತದೆ. 13ಕ್ಕೆ ಭಾಗಿಸಿದರೆ ಕ್ಲಾಸಿಗೆ 460ರ ಆಸುಪಾಸು, 12ಕ್ಕಾದರೆ 500. ನಾನು 12 ಹಿಡಿಯುತ್ತೇನೆ. ಹಬ್ಬ, ಮಳೆ, ಜ್ವರ ಅಂತ ತಿಂಗಳಿಗೊಂದು ಹೇಗೂ ಹೋಗುತ್ತದೆ. 40 ರೂಪಾಯಿಯ ವ್ಯತ್ಯಾಸಕ್ಕೆ ಮಾತು ಬೆಳೆಸಿದರೆ ಮುಖ್ಯ ಮಾತೇ ಕೆಡುತ್ತದೆ.

ಆಮೇಲೆ ಎಣಿಕೆ. ಜಗಳ ಆಗುವುದೆಲ್ಲ ಇಲ್ಲೇ. ಆ ತಿಂಗಳು ಒಂದನೇ ತಾರೀಕು ಸೋಮವಾರ. 12ರ ಶುಕ್ರವಾರದ ಹೊತ್ತಿಗೆ ನಮ್ಮ ಕ್ಯಾಲೆಂಡರಿನಲ್ಲಿ ಐದು ಟಿಕ್ ಇತ್ತು, ಮೇಷ್ಟ್ರ ಲೆಕ್ಕ ಏಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. 1, 3, 10, 12 ತಕರಾರಿಲ್ಲ. 5ಕ್ಕೆ ಅವರೇ ಬರಲಿಲ್ಲ, ಇಬ್ಬರೂ ಬರೆದಿರಲಿಲ್ಲ. 7ರ ಭಾನುವಾರ ಕಿರುಪರೀಕ್ಷೆಗೆಂದು ಎರಡು ಗಂಟೆ ಕೂತಿದ್ದರು. ನಮ್ಮಲ್ಲಿ ಅದಕ್ಕೆ ಒಂದು ಟಿಕ್, ಅವರಲ್ಲಿ ಎರಡು. 8ಕ್ಕೆ ಅವರು ಬಂದು ಗೇಟಿನ ಹತ್ತಿರ ನಿಂತಿದ್ದಾರೆ, ಮಗ ಸೋದರಮಾವನ ಮನೆಯಲ್ಲಿದ್ದಾನೆ. ನಮ್ಮಲ್ಲಿ ಖಾಲಿ, ಅವರಲ್ಲಿ ಒಂದು.

ನನ್ನ ನಿಯಮ: ಮೇಷ್ಟ್ರು ಮನೆಯಿಂದ ಹೊರಟ ಮೇಲೆ ನಾವು ಬೇಡ ಅಂದರೆ ಪೂರ್ತಿ ಕ್ಲಾಸ್. ಹಿಂದಿನ ದಿನವೇ ಹೇಳಿದ್ದರೆ ಸೊನ್ನೆ. ಅವರು ತಪ್ಪಿಸಿದ್ದು ಸೊನ್ನೆ, ಬದಲಿ ಕೊಟ್ಟರೆ ಒಂದು. ಗಂಟೆ ಮೀರಿ ಹತ್ತು ನಿಮಿಷ ಕೂತದ್ದನ್ನೂ, ಹತ್ತು ನಿಮಿಷ ತಡವಾದದ್ದನ್ನೂ ಇಬ್ಬರೂ ಬಿಡಬೇಕು. ಅರ್ಧ ಗಂಟೆಗಿಂತ ಕಡಿಮೆ ಆದರೆ ಮಾತ್ರ ಅರ್ಧ ಕ್ಲಾಸ್. ಈ ಲೆಕ್ಕದಲ್ಲಿ ಅವರ ಏಳೇ ಸರಿ. ಹಾಗಂತ ಒಪ್ಪಿಕೊಂಡು ಮಾತು ಶುರುಮಾಡಿದರೆ ಮುಂದಿನದು ಸಲೀಸು.

ಏಳಕ್ಕೆ 3,500 ಆಯಿತು, ಅವರ ಬಳಿ ಉಳಿದದ್ದು 2,500, ಅಂದರೆ ಐದು ಕ್ಲಾಸ್. 15, 17, 19, 22ಕ್ಕೆ ಅರ್ಧವಾರ್ಷಿಕ ಪರೀಕ್ಷೆಯ ತಯಾರಿ, 24ಕ್ಕೆ ಕೊನೆಯದು. ಆಮೇಲೆ ದಸರಾ ರಜೆ. ಬಾಕಿ ಸೊನ್ನೆ. ಮೇಷ್ಟ್ರಿಗೆ ಬೇರೆ ಮನೆ ಹುಡುಕಲು ಹನ್ನೆರಡು ದಿನ ಸಿಕ್ಕಿತು, ಹುಡುಗ ಪರೀಕ್ಷೆಗೆ ಒಂಟಿಯಾಗಲಿಲ್ಲ.

ಹೇಳುವಾಗ ನಿರ್ಧಾರ, ಕೊನೆಯ ತಾರೀಕು, ದುಡ್ಡು, ಮೂರೂ ಒಂದೇ ಸಲ ಹೋಗಬೇಕು. ಮೊದಲು ಫೋನಿನಲ್ಲಿ ಎರಡು ಮಾತು, ತಕ್ಷಣ ವಾಟ್ಸಾಪ್. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗೆ:

"ನಮಸ್ಕಾರ ಸರ್. ಈಗ ಮಾತಾಡಿದ ಹಾಗೆ 24ನೇ ತಾರೀಕು ಬುಧವಾರ ಕೊನೆ ಕ್ಲಾಸ್ ಇಟ್ಟುಕೊಳ್ಳೋಣ. ಇವತ್ತಿನವರೆಗೆ 7 ಆಗಿದೆ (ಭಾನುವಾರದ್ದು 2, ನೀವು ಬಂದು ವಾಪಸ್ ಹೋದದ್ದು 1 ಸೇರಿ). ಇನ್ನು 5 ಸೇರಿದರೆ 12, ಈ ತಿಂಗಳ 6,000 ಸರಿಹೋಗುತ್ತೆ. ನೀವು ಮಾಡಿಸಿದ ಜೆರಾಕ್ಸ್ ದುಡ್ಡು ಎಷ್ಟು ಅಂತ ತಿಳಿಸಿ. ಲೆಕ್ಕದಲ್ಲಿ ವ್ಯತ್ಯಾಸ ಇದ್ದರೆ ದಯವಿಟ್ಟು ಹೇಳಿ ಸರ್."

"ಸರಿ ಮೇಡಂ" ಅಂತ ಬಂತು. ಕಾರಣ ಬರೆಯಲಿಲ್ಲ ನೋಡಿ. ಬರೆದರೆ ಅದರ ಮೇಲೆ ವಾದ ಹುಟ್ಟುತ್ತದೆ, ಲೆಕ್ಕ ಮೂಲೆಗೆ ಬೀಳುತ್ತದೆ. ಫೋನಿನಲ್ಲಿ ಕಾರಣ ಕೇಳಿದಾಗ ನಾನು ಹೇಳುವ ಒಂದು ಸಾಲಿದೆ. ಅದನ್ನು ಇಲ್ಲಿ ಹಾಕಲ್ಲ, ಮೇಷ್ಟ್ರುಗಳೂ ಓದುತ್ತಾರೆ.

ಕೊನೆಯ ಕ್ಲಾಸಿನಲ್ಲಿ ಪಾಠ ಬೇಡ. ಪಠ್ಯಪುಸ್ತಕದ ಪರಿವಿಡಿ ಪುಟದ ಮೇಲೆ ಮುಗಿದ ಅಧ್ಯಾಯ, ಅರ್ಧ ಆದದ್ದು, ಮುಟ್ಟದೇ ಇರುವುದು ಅಂತ ಮೇಷ್ಟ್ರ ಕೈಯಲ್ಲೇ ಪೆನ್ಸಿಲ್ ಗುರುತು ಹಾಕಿಸಿ. ಇಲ್ಲದಿದ್ದರೆ ಮುಂದೆ ಬರುವ ಮೇಷ್ಟ್ರು ಮೊದಲ ಅಧ್ಯಾಯದಿಂದಲೇ ಶುರುಮಾಡಿ ಎರಡು ವಾರ ತಿನ್ನುತ್ತಾರೆ. ಅವರ ಗೈಡು, ಹಳೆಯ ಪ್ರಶ್ನೆಪತ್ರಿಕೆ ಅವತ್ತೇ ವಾಪಸ್. ಜೆರಾಕ್ಸಿನ ನೂರೆಂಬತ್ತೋ ಎಷ್ಟೋ ರೂಪಾಯಿಯನ್ನು ಯುಪಿಐನಲ್ಲಿ ಹಾಕಿ, ಟಿಪ್ಪಣಿಯಲ್ಲಿ "ಜೆರಾಕ್ಸ್, 24ರವರೆಗೆ ಲೆಕ್ಕ ಚುಕ್ತಾ" ಅಂತ ಬರೆದೆ. ಬೇರೆ ರಸೀದಿ ಬೇಕಿಲ್ಲ. ಅದೇ ಮೇಷ್ಟ್ರು ಫೆಬ್ರವರಿಯಲ್ಲಿ ತಾವಾಗಿಯೇ ಮಾದರಿ ಪ್ರಶ್ನೆಪತ್ರಿಕೆ ಕಳಿಸಿದರು. ನಕ್ಕ ಅಮ್ಮಂದಿರಿಗೆಲ್ಲ ಅದನ್ನು ಫಾರ್ವರ್ಡ್ ಮಾಡಿದೆ!

ಸುದ್ದಿ ಕೇಳಿದ ಮೇಷ್ಟ್ರು "ಹಾಗಾದರೆ ನಾಳೆಯಿಂದಲೇ ಬರಲ್ಲ" ಅಂದರೆ? ಆಗ 2,500 ಅವರಿಂದ ಬರಬೇಕು, ಕೇಳುವುದು ನ್ಯಾಯವೇ. ಆದರೆ ಪೂರ್ತಿಗೆ ಪಟ್ಟು ಹಿಡಿದರೆ ಕೈಗೇನೂ ಬರುವುದಿಲ್ಲ. ಎರಡು ಕ್ಲಾಸಿನ ದುಡ್ಡು ನೀವೇ ಇಟ್ಟುಕೊಳ್ಳಿ, 1,500 ಕೊಡಿ ಅಂದರೆ ಸಾಮಾನ್ಯವಾಗಿ ಬರುತ್ತದೆ. ಏಜೆನ್ಸಿ ಮೂಲಕ ಬಂದವರಾದರೆ ಏಜೆನ್ಸಿಗೂ ಅದೇ ದಿನ ತಿಳಿಸಿ. ಇಲ್ಲವಾದರೆ ಇನ್ನೊಬ್ಬ ಮೇಷ್ಟ್ರನ್ನು ಕಳಿಸಿ ಹೊಸದಾಗಿ ಕಮಿಷನ್ ಎಣಿಸುತ್ತಾರೆ.

ಎಣಿಕೆಗೆ ಮೊದಲು ಗೂಗಲ್ ಶೀಟ್ ಮಾಡಿ ಹಂಚಿಕೊಂಡು ನೋಡಿದ್ದೆ. ಮೇಷ್ಟ್ರು ಅದನ್ನು ಹಾಜರಿ ಪುಸ್ತಕ ಅಂದುಕೊಂಡು ಮುಖ ಗಂಟುಹಾಕಿದರು, ತೆರೆಯಲೇ ಇಲ್ಲ. ಹಾಲಿನ ಲೆಕ್ಕ ಬರೆಯುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕದಲ್ಲೇ ಹುಡುಗ ಟಿಕ್ ಹಾಕಿ, ಹೆಚ್ಚು ಕೂತರೆ ಪಕ್ಕದಲ್ಲಿ 2 ಅಂತ ಬರೆಯುವುದು ಈಗ ನಡೆಯುತ್ತಿದೆ. ವಾರಕ್ಕೊಮ್ಮೆ ಅದರ ಫೋಟೋ ಮೇಷ್ಟ್ರಿಗೆ ಹೋಗುತ್ತದೆ. ಮುಂಗಡ ಬಿಟ್ಟು ಆರು ಕ್ಲಾಸಿಗೊಮ್ಮೆ ದುಡ್ಡು ಕೊಡುವ ಪ್ರಯೋಗವೂ ಆಯಿತು. ನಿಲ್ಲಿಸುವುದೇನೋ ತುಂಬ ಸುಲಭ, ಆದರೆ ಒಳ್ಳೆಯ ಮೇಷ್ಟ್ರು ಒಪ್ಪುವುದಿಲ್ಲ. ಒಪ್ಪಿದವರು ಕ್ಲಾಸಿಗೆ ನೂರು ಜಾಸ್ತಿ ಕೇಳಿದರು.

ಟ್ಯೂಷನ್ ಸೆಂಟರಿನಲ್ಲಿ ಇಡೀ ವರ್ಷದ ಫೀಸನ್ನು ಕಂತಿನಲ್ಲಿ ಕಟ್ಟುವ ಕಡೆ ಇದು ನಡೆಯುವುದಿಲ್ಲ. ಅಲ್ಲಿ ನಿಮ್ಮ ಮಗ ಬಿಟ್ಟರೂ ಬ್ಯಾಚ್ ನಡೆಯುತ್ತದೆ, ಉಳಿದ ಕ್ಲಾಸುಗಳನ್ನು ನಿಮಗೆ ಬೇಕಾದ ತಾರೀಕಿಗೆ ಹೊಂದಿಸಿಕೊಳ್ಳಲಾಗದು. ಅಂಥ ಕಡೆ ಎರಡನೇ ಕಂತಿನ ತಾರೀಕಿಗೆ ವಾರ ಮುಂಚೆ ನಿರ್ಧಾರ ಮಾಡಿ, ಕಟ್ಟದೇ ಬಿಡುವುದೊಂದೇ ದಾರಿ.