ದೋಣಿ ಇಂಜಿನ್‌ಗೆ ಕಾರಿನ ಆಯಿಲ್ ಬೇಡ

ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಅಣ್ಣಂದಿರೇ, ಟೂ-ಸ್ಟ್ರೋಕ್ ದೋಣಿ ಇಂಜಿನ್‌ಗೆ ದಯವಿಟ್ಟು ಕಾರಿನ ಆಯಿಲ್ ಬೆರೆಸಬೇಡಿ. ಕಾರಿನಲ್ಲಿ ಆಯಿಲ್ ಇಂಜಿನ್ ಒಳಗೇ ಸುತ್ತುತ್ತಿರುತ್ತದೆ, ಉರಿಯಬೇಕಾಗಿಲ್ಲ. ನಮ್ಮದರಲ್ಲಿ ಅದು ಪೆಟ್ರೋಲ್ ಜೊತೆಗೇ ಉರಿದುಹೋಗಬೇಕು. ಕಾರಿನ ಆಯಿಲ್‌ಗೆ ಸೇರಿಸಿರುವ ಲೋಹದ ಅಂಶಗಳು ಉರಿದರೆ ಬೂದಿಯಾಗಿ ಪ್ಲಗ್, ಪಿಸ್ಟನ್ ಮೇಲೆ ಕೂರುತ್ತವೆ; ರಿಂಗ್ ಅಂಟಿಕೊಳ್ಳುತ್ತದೆ. ಪ್ಲಗ್ ಪದೇ ಪದೇ ಕರಿಕಟ್ಟಿ, ಹಗ್ಗ ಎಳೆದಾಗ ಬಿಗಿ ಕಡಿಮೆಯಾಗಿದ್ದರೆ ಆಯಿಲ್ ಮೇಲೇ ಮೊದಲು ಅನುಮಾನಪಡಿ.

ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರುವುದನ್ನೇ ಕೊಳ್ಳಿ. ಇಂಜಿನ್ ಪುಸ್ತಕದಲ್ಲಿ 50:1 ಎಂದಿದ್ದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ ಲೀಟರ್ ಆಯಿಲ್. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಸುರಿಯಿರಿ. ಫೋರ್-ಸ್ಟ್ರೋಕ್ ಇಂಜಿನ್ ಆದರೆ ಪೆಟ್ರೋಲಿಗೆ ಯಾವ ಆಯಿಲನ್ನೂ ಬೆರೆಸುವಂತಿಲ್ಲ.