ಬಟ್ಟಲಿನ ನೀರಿನ ಲೆಕ್ಕ ತಪ್ಪಿದ್ದು ಎಲ್ಲಿ?

ಮನೆಯ ದುಂಡು ತಳದ ಸ್ಟೀಲ್ ಬಟ್ಟಲಿಗೆ 4 ಸೆಂ.ಮೀ. ಎತ್ತರ ನೀರು ಹಾಕಿದ್ದೆ. ಎಷ್ಟು ನೀರಿದೆ ಅಂತ ಗೋಲದ ತುಂಡಿನ ಸೂತ್ರ ಹಾಕಿ ನೋಡಿದೆ. V ಅಂದರೆ ನೀರಿನ ಗಾತ್ರ, h ಅಂದರೆ ನೀರಿನ ಎತ್ತರ:

V = πh²(3R − h)/3

ಬಾಯಿಯ ಅಗಲ 24 ಸೆಂ.ಮೀ., ಹಾಗಾಗಿ R = 12 ಎಂದುಕೊಂಡೆ. 536 ಮಿ.ಲೀ. ಬಂತು. ಆದರೆ ಅಳತೆ ಜಾಡಿಗೆ ಸುರಿದರೆ 590ರ ಹತ್ತಿರ! ಎರಡು ಸಲ ಸುರಿದು ನೋಡಿದರೂ ಅಷ್ಟೇ.

ತಪ್ಪು R ನಲ್ಲಿತ್ತು. R ಅಂದರೆ ಬಾಯಿಯ ತ್ರಿಜ್ಯ ಅಲ್ಲ, ಬಟ್ಟಲು ಯಾವ ಗೋಲದ ತುಂಡೋ ಆ ಇಡೀ ಗೋಲದ ತ್ರಿಜ್ಯ. ಬಟ್ಟಲು ಸರಿಯಾಗಿ ಅರ್ಧಗೋಲ ಆಗಿದ್ದರೆ ಮಾತ್ರ ಎರಡೂ ಒಂದೇ. ನನ್ನದು ಅದಕ್ಕಿಂತ ಚಪ್ಪಟೆ. ಬಾಯಿಗೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು, ಇನ್ನೊಂದನ್ನು ನಡುವೆ ಇಳಿಸಿದೆ. ಆಳ ಬರೀ 8 ಸೆಂ.ಮೀ. ಬಾಯಿಯ ತ್ರಿಜ್ಯ 12 ಮತ್ತು ಈ ಆಳದಿಂದ ಗೋಲದ ತ್ರಿಜ್ಯ ಸಿಗುತ್ತದೆ:

R = (12² + 8²)/(2 × 8) = 13

ಈಗ V = π × 16 × 35/3, ಅಂದರೆ ಸುಮಾರು 586 ಮಿ.ಲೀ. ಜಾಡಿಗೆ ಹೊಂದಿತು!

ಬಟ್ಟಲು ನಿಜವಾಗಿ ಗೋಲದ ತುಂಡೇ ಅಲ್ವಾ ಅಂತ ನೀರಿನ ಮೇಲ್ಮೈಯ ಅಗಲವನ್ನೂ ಅಳೆದೆ. ಲೆಕ್ಕದಂತೆ 2√(13² − (13 − 4)²) = 2√88, ಸುಮಾರು 18.8 ಸೆಂ.ಮೀ. ಇರಬೇಕು. ಸ್ಕೇಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ತಳ ತಟ್ಟಿ ಸಮ ಮಾಡಿದ ಬಟ್ಟಲಾದರೆ ಇದು ಹೊಂದುವುದಿಲ್ಲ, ಸೂತ್ರವೂ ನಡೆಯುವುದಿಲ್ಲ.