ಸೋದರಮಾವ ಕೊಟ್ಟರೆ ತೆರಿಗೆ ಇಲ್ಲ, ಸೋದರಮಾವನಿಗೆ ಕೊಟ್ಟರೆ ಇದೆ: ಏಳು ಲಕ್ಷದ ಗಿಫ್ಟ್ ದಕ್ಕಿಸಿಕೊಂಡ ನನ್ನ ಅನುಭವ

ರಿಟರ್ನ್ ತುಂಬುವ ಕೆಲಸದಲ್ಲಿ ಇರುವವರಿಗೆ ಐವತ್ತು ಸಾವಿರದ ಲೆಕ್ಕ ಹೊಸದಲ್ಲ. ನೆಂಟರು ಕೊಟ್ಟರೆ ಎಷ್ಟಾದರೂ ತೆರಿಗೆ ಇಲ್ಲ, ಸ್ನೇಹಿತರು ಕೊಟ್ಟದ್ದು ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ. ಇಷ್ಟು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ ನನ್ನದೇ ಫೈಲು ಸ್ಕ್ರೂಟಿನಿಗೆ ಬಂದಾಗ ನಮ್ಮ ಊರಿನ ಹಿರಿಯ ಪ್ರಾಕ್ಟೀಷನರ್‌ಗಳೆಲ್ಲ ತಲೆ ಅಲ್ಲಾಡಿಸಿದರು. "ಮಾವನಿಗೆ ಪ್ಯಾನ್ ಇದೆ, ರಿಟರ್ನ್ ಇಲ್ಲ. ಐದು ಲಕ್ಷ ಗಿಫ್ಟ್ ಅಂದರೆ ಯಾರು ನಂಬ್ತಾರೆ? ಸುಮ್ನೆ ಸಾಲ ಅಂತ ತೋರಿಸು" ಅಂದರು. ನಾನು ಗಿಫ್ಟ್ ಅಂತಲೇ ತೋರಿಸಿದೆ. ಆದಾಯಕ್ಕೆ ಒಂದು ರೂಪಾಯಿಯೂ ಸೇರಿಸದೆ ಆರ್ಡರ್ ಬಂತು. ಅದಕ್ಕೇ ಇದನ್ನ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ಸೈಟು ತಗೊಂಡದ್ದು 2022ರ ಕೊನೆಗೆ. ರಿಜಿಸ್ಟರ್ ಆದ ಮೊತ್ತ ಸುಮಾರು 34 ಲಕ್ಷ. ಆಗ 30 ಲಕ್ಷ ಮುಟ್ಟಿದ ನೋಂದಣಿಯೆಲ್ಲ ಇಲಾಖೆಗೆ ವರದಿಯಾಗುತ್ತಿತ್ತು ಅಂತ ನಿಮಗೆ ಗೊತ್ತೇ ಇದೆ. ನನ್ನ ರಿಟರ್ನ್‌ನಲ್ಲಿ ಆದಾಯ ಆರು ಲಕ್ಷ ಚಿಲ್ಲರೆ. ಬ್ಯಾಂಕ್ ಸಾಲ, ಕೈಯಲ್ಲಿದ್ದ ಉಳಿತಾಯ ಎಲ್ಲ ಸೇರಿದರೂ ಒಂಬತ್ತು ಲಕ್ಷ ಕಡಿಮೆ ಬೀಳುತ್ತಿತ್ತು. ಅದನ್ನ ತುಂಬಿದವರು ನಾಲ್ಕು ಥರದವರು. ಸಾಗರದ ಕಡೆ ತೋಟ ಇರುವ ಸೋದರಮಾವ 5 ಲಕ್ಷ. ಷಡ್ಡಕ 2 ಲಕ್ಷ. ಚಿಕ್ಕಪ್ಪನ ಮಗ ಒಂದೂವರೆ ಲಕ್ಷ. ಉಳಿದದ್ದು ಇಬ್ಬರು ಸ್ನೇಹಿತರು.

ಈ ನಾಲ್ವರಲ್ಲಿ ಕಾನೂನಿಗೆ ನೆಂಟರು ಯಾರು? ಹೆಂಡತಿಯ ತಂಗಿಯ ಗಂಡ ನೆಂಟ. ನನ್ನ ಜೊತೆ ಒಂದೇ ಮನೆಯಲ್ಲಿ ಬೆಳೆದ ಚಿಕ್ಕಪ್ಪನ ಮಗ ನೆಂಟ ಅಲ್ಲ. ಪಟ್ಟಿ ಇರುವುದೇ ಹಾಗೆ. ಗಂಡ ಹೆಂಡತಿ, ಇಬ್ಬರ ಒಡಹುಟ್ಟಿದವರು, ಇಬ್ಬರ ಮೇಲಿನ ಕೆಳಗಿನ ನೇರ ತಲೆಮಾರು, ನಮ್ಮ ಅಪ್ಪ ಅಮ್ಮನ ಒಡಹುಟ್ಟಿದವರು, ಇವರೆಲ್ಲರ ಗಂಡ ಅಥವಾ ಹೆಂಡತಿ. ಹಾಗಾಗಿ ಚಿಕ್ಕಪ್ಪ ಬಂದ, ಚಿಕ್ಕಮ್ಮ ಬಂದಳು, ಅವರ ಮಗ ಬರಲಿಲ್ಲ. ಹೆಂಡತಿಯ ಸೋದರಮಾವನೂ ಬರಲ್ಲ, ಬೀಗರೂ ಬರಲ್ಲ. ಪಟ್ಟಿಯಲ್ಲಿ ಇಲ್ಲದವರೆಲ್ಲ, ಎಷ್ಟೇ ಹತ್ತಿರದವರಾದರೂ, ಸ್ನೇಹಿತರ ಸಾಲಿಗೇ.

ಇನ್ನೊಂದು ವಿಷಯ ಇದೆ, ಇದರಲ್ಲೇ ಜಾಸ್ತಿ ಜನ ಜಾರುವುದು. ಸಂಬಂಧವನ್ನ ಅಳೆಯುವುದು ತಗೊಂಡವರ ಕಡೆಯಿಂದ. ನನಗೆ ಸೋದರಮಾವ ಅಂದರೆ ಅಮ್ಮನ ಒಡಹುಟ್ಟಿದವ, ಪಟ್ಟಿಯಲ್ಲಿದ್ದಾನೆ. ಅದೇ ಮಾವನ ಕಡೆಯಿಂದ ನೋಡಿದರೆ ನಾನು ಅಕ್ಕನ ಮಗ. ಅಕ್ಕನ ಮಗ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಂದರೆ ಮಾವ ನನಗೆ ಐದು ಲಕ್ಷ ಕೊಟ್ಟರೆ ತೆರಿಗೆ ಸೊನ್ನೆ, ನಾನು ಅವನಿಗೆ ಅರವತ್ತು ಸಾವಿರ ಕೊಟ್ಟರೆ ಅವನು ಅರವತ್ತಕ್ಕೂ ಲೆಕ್ಕ ಕೊಡಬೇಕು. ನನ್ನ ಕಕ್ಷಿದಾರರೊಬ್ಬರ ಕಥೆ ಇದಕ್ಕೆ ಉಲ್ಟಾ. ಅವರು ಸೋದರಮಾವನ ಮಗಳನ್ನೇ ಮದುವೆಯಾದವರು. ಹಾಗಾಗಿ ಮಾವನಿಗೆ ಅವರು ಅಳಿಯ, ಮಗಳ ಗಂಡ. ಆ ಮನೆಯಲ್ಲಿ ಹಣ ಎರಡೂ ಕಡೆ ಓಡಾಡಬಹುದು. ನಮ್ಮ ಕಡೆಯ ಮದುವೆಗಳನ್ನ ನೋಡಿ ಬರೆದ ಕಾನೂನು ಅಲ್ಲ ಇದು, ಆದರೂ ಕೆಲವರಿಗೆ ಹೀಗೆ ಲಾಭ ಆಗಿದೆ.

ಮಾವ ಮೊದಲು ಹೇಳಿದ್ದು ಏನು ಗೊತ್ತಾ? "ಬ್ಯಾಂಕು ಯಾಕೋ, ಮನೆಯಲ್ಲೇ ಇದೆ, ಚೀಲದಲ್ಲಿ ಹಾಕ್ಕೊಂಡು ಹೋಗು." ಬೇಡವೇ ಬೇಡ ಅಂದೆ. ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಮೇಲೆ ನಗದು ತಗೊಂಡರೆ, ಕೊಟ್ಟವರು ಮಾವನೇ ಆಗಲಿ, ತಗೊಂಡವನಿಗೆ ಅಷ್ಟೇ ಮೊತ್ತದ ದಂಡ. ಗಿಫ್ಟ್‌ಗೆ ತೆರಿಗೆ ಇಲ್ಲ ಅನ್ನುವುದು ಬೇರೆ, ನಗದಿನ ನಿಯಮ ಬೇರೆ. ಅವನ ಅಡಿಕೆ ಮಂಡಿಗೆ ಹೋಗಿ, ಹಣ ಅವನ ಖಾತೆಗೆ ಬಂದ ಮೇಲೆ, ಅಲ್ಲಿಂದ ಆರ್‌ಟಿಜಿಎಸ್ ಮಾಡಿಸಿಕೊಂಡೆ. ಇದಕ್ಕೆ ಕಾದದ್ದರಿಂದ ಸೈಟಿನವನಿಗೆ ಇನ್ನೊಂದು ತಿಂಗಳು ಕೈಕಾಲು ಹಿಡಿಯಬೇಕಾಯಿತು, ಅಡ್ವಾನ್ಸ್ ಕೂಡ ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟೆ. ಆದರೆ ಆ ಮಂಡಿ ಪಟ್ಟಿಯೇ ಆಮೇಲೆ ನನ್ನನ್ನ ಉಳಿಸಿದ್ದು.

ಚಿಕ್ಕಪ್ಪನ ಮಗನ ಒಂದೂವರೆ ಲಕ್ಷದ ಬಗ್ಗೆ ಒಬ್ಬ ಮಿತ್ರರು ಉಪಾಯ ಹೇಳಿದರು. "ಅವನು ಅವನ ಅಪ್ಪನಿಗೆ ಕೊಡಲಿ, ಚಿಕ್ಕಪ್ಪ ನಿನಗೆ ಕೊಡಲಿ, ಎರಡೂ ನೆಂಟಸ್ತಿಕೆಯೇ." ಕಾಗದದ ಮೇಲೆ ಸರಿ. ಆದರೆ ಒಂದೇ ಮೊತ್ತ ಬೆಳಿಗ್ಗೆ ಒಂದು ಖಾತೆಗೆ ಬಂದು ಸಂಜೆ ಇನ್ನೊಂದಕ್ಕೆ ಹೋದರೆ ಅದು ಸ್ಟೇಟ್‌ಮೆಂಟ್‌ನಲ್ಲಿ ಬೆತ್ತಲೆ ಕಾಣುತ್ತದೆ. ನಿಜವಾಗಿ ಕೊಟ್ಟವರು ಯಾರು ಅಂತ ಕೇಳಿದರೆ ಉತ್ತರ ಇಲ್ಲ. ನಾನು ಅದನ್ನ ಸಾಲ ಅಂತಲೇ ತಗೊಂಡೆ, ಬ್ಯಾಂಕಿನ ಮೂಲಕವೇ. ಸಾಲ ಆದಾಯ ಅಲ್ಲ, ಬಡ್ಡಿ ಇಲ್ಲದಿದ್ದರೂ ಅಲ್ಲ. ನಗದಿನಲ್ಲಿ ಮಾತ್ರ 20,000 ಮುಟ್ಟಬಾರದು, ತೀರಿಸುವಾಗಲೂ ಅದೇ ಮಾತು. ತಿಂಗಳಿಗೆ ಇಷ್ಟು ಅಂತ ಈಗಲೂ ಹೋಗುತ್ತಿದೆ.

ಸ್ನೇಹಿತರದ್ದು ಚಿಕ್ಕ ಮೊತ್ತ, ದೊಡ್ಡ ತಲೆನೋವು. ಒಬ್ಬ ಮೂವತ್ತು ಸಾವಿರ, ಇನ್ನೊಬ್ಬ ಇಪ್ಪತ್ತೈದು. ಒಬ್ಬೊಬ್ಬರದ್ದು ಮಿತಿ ಒಳಗೇ ಇದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಎಲ್ಲ ಸ್ನೇಹಿತರದ್ದೂ ಒಟ್ಟು ಹಾಕಬೇಕು. 55,000 ಆಯಿತು ಅಂದರೆ ಐದು ಸಾವಿರಕ್ಕಲ್ಲ, ಐವತ್ತೈದಕ್ಕೂ ತೆರಿಗೆ. ಹಾಗಾಗಿ ಇಪ್ಪತ್ತೈದನ್ನ ಮಾರ್ಚ್ ಕಳೆದ ಮೇಲೆ ಕೊಡು ಅಂದೆ, ಹೊಸ ವರ್ಷದ ಲೆಕ್ಕಕ್ಕೆ ಹೋಯಿತು. ಈ ಐವತ್ತು ಸಾವಿರ 2006ರಿಂದ ಅಲ್ಲೇ ಕೂತಿದೆ. ಆಗ ಅದು ದೊಡ್ಡ ಹಣ, ಈಗ ಅಡುಗೆಮನೆಯ ಗ್ರಾನೈಟಿಗೂ ಸಾಲಲ್ಲ.

ಗೃಹಪ್ರವೇಶದ ಮುಯ್ಯಿಯ ಬಗ್ಗೆ ಒಂದು ಮಾತು. ಮದುವೆಯಲ್ಲಿ ಗಂಡು ಹೆಣ್ಣಿಗೆ ಬಂದದ್ದಕ್ಕೆ ಯಾರು ಕೊಟ್ಟರೂ ತೆರಿಗೆ ಇಲ್ಲ. ಆ ಸೌಲಭ್ಯ ಮದುವೆಗೆ ಮಾತ್ರ. ಉಪನಯನ, ನಾಮಕರಣ, ಗೃಹಪ್ರವೇಶಕ್ಕೆ ಇಲ್ಲ. ನಾನು ಮುಯ್ಯಿ ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಪಟ್ಟಿಯಲ್ಲಿರುವ ನೆಂಟರು, ಬಲಕ್ಕೆ ಉಳಿದವರು ಅಂತ ಬರೆಸಿದೆ. ಬರೆಯಲು ಕೂತ ಭಾವಮೈದನಿಗೆ ಅರ್ಧ ಜನರ ಸಂಬಂಧವೇ ಗೊತ್ತಾಗದೆ ಪ್ರತಿಯೊಬ್ಬರನ್ನೂ "ನೀವು ಅಪ್ಪನ ಕಡೆಯಾ, ಅಮ್ಮನ ಕಡೆಯಾ" ಅಂತ ಕೇಳುತ್ತಿದ್ದ. ಬಲಗಡೆ ಹದಿನೆಂಟು ಸಾವಿರದ ಆಸುಪಾಸು ಬಂತು. ಒಬ್ಬ ಸ್ನೇಹಿತ ಫ್ರಿಜ್ ಕೊಟ್ಟ. ಅದನ್ನ ಸೇರಿಸಲಿಲ್ಲ, ಸೇರಿಸಬೇಕಾಗಿಯೂ ಇಲ್ಲ. ಹಣ ಬಿಟ್ಟರೆ ತೆರಿಗೆಗೆ ಬರುವುದು ಜಾಗ, ಮನೆ, ಒಡವೆ, ಷೇರು, ಚಿತ್ರಪಟ ಇಂಥ ಕೆಲವು ಮಾತ್ರ. ಫ್ರಿಜ್, ಟಿವಿ, ಸ್ಕೂಟರ್ ಆ ಸಾಲಿನಲ್ಲಿ ಇಲ್ಲ. ಒಡವೆಯ ಐವತ್ತು ಸಾವಿರ ಬೇರೆ, ಹಣದ ಐವತ್ತು ಸಾವಿರ ಬೇರೆ, ಎರಡನ್ನೂ ಕೂಡಿಸುವುದಿಲ್ಲ.

ಇನ್ನು ನೋಟಿಸ್. ಏಳು ಲಕ್ಷವನ್ನ ರಿಟರ್ನ್‌ನ ವಿನಾಯಿತಿ ಆದಾಯದ ಶೆಡ್ಯೂಲ್‌ನಲ್ಲಿ ನಾನೇ ತೋರಿಸಿದ್ದೆ. ತೋರಿಸಿದ್ದಕ್ಕೇ ಬಂತು ಅಂತ ಕೆಲವರು ಆಡಿಕೊಂಡರು. ಬಂದದ್ದು ಸೈಟಿನಿಂದ. ಕೇಳಿದ್ದು ಮೂರೇ ವಿಷಯ: ಕೊಟ್ಟವರು ಯಾರು, ಸಂಬಂಧ ಏನು, ಅವರಿಗೆ ಎಲ್ಲಿಂದ ಬಂತು. ಉತ್ತರ ಒಪ್ಪಿಗೆ ಆಗದಿದ್ದರೆ ವಿವರಣೆ ಇಲ್ಲದ ಹಣ ಅಂತ ಎಳೆದು, ನನ್ನ ಆ ವರ್ಷದ ಲೆಕ್ಕಕ್ಕೆ ಶೇಕಡಾ 78 ಹಾಕುತ್ತಿದ್ದರು. ಏಳು ಲಕ್ಷಕ್ಕೆ ಹತ್ತಿರ ಹತ್ತಿರ ಐದೂವರೆ ಲಕ್ಷ. ಸ್ನೇಹಿತರ ಗಿಫ್ಟ್ ಅಂತ ಒಪ್ಪಿ ಮಾಮೂಲಿ ತೆರಿಗೆ ಕಟ್ಟಿದ್ದರೂ ಅಷ್ಟಾಗುತ್ತಿರಲಿಲ್ಲ.

ಗಿಫ್ಟ್ ಡೀಡ್, ಪ್ಯಾನ್, ಇಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲರೂ ಕೊಡುತ್ತಾರೆ. ಸಿಕ್ಕಿಹಾಕಿಕೊಂಡದ್ದು ಸಂಬಂಧದ ದಾಖಲೆಯಲ್ಲಿ. ನನ್ನ ಅಪ್ಪನ ಕಡೆಯ ವಂಶವೃಕ್ಷದಲ್ಲಿ ಮಾವ ಬರುವ ಹಾಗೇ ಇಲ್ಲ. ಬೇಕಾದದ್ದು ಅಮ್ಮನ ಅಪ್ಪನ ವಂಶವೃಕ್ಷ. ಮಾವನ ಹತ್ತಿರ ಖಾತೆ ಬದಲಾವಣೆಗೆ ಮಾಡಿಸಿದ್ದ ಹಳೆಯದೊಂದು ಇತ್ತು. ಬಿಡಿಸಿ ನೋಡಿದರೆ ಹೆಣ್ಣುಮಕ್ಕಳ ಹೆಸರೇ ಇಲ್ಲ! ಗಂಡುಮಕ್ಕಳು ಇಬ್ಬರು, ಮುಗಿಯಿತು. ನನ್ನ ಅಮ್ಮ ಆ ಮನೆಯಲ್ಲಿ ಹುಟ್ಟೇ ಇಲ್ಲ ಅನ್ನುವ ಹಾಗೆ. ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ, ಅಫಿಡವಿಟ್, ಮಹಜರು. ಅದು ಬರುವುದರೊಳಗೆ ಉತ್ತರದ ಗಡುವು ಮುಗಿಯುತ್ತಿತ್ತು. ಕಾಲಾವಕಾಶ ಕೇಳಿದೆ, ಜೊತೆಗೆ ಅಮ್ಮ ಓದಿದ ಪ್ರೈಮರಿ ಶಾಲೆಗೆ ಹೋಗಿ ದಾಖಲಾತಿ ಪುಸ್ತಕದ ನಕಲು ತಂದೆ. ಅಮ್ಮನ ಹೆಸರು, ಎದುರಿಗೆ ಅಜ್ಜನ ಹೆಸರು. ಮಾವನ ಪಹಣಿಯಲ್ಲೂ ಅದೇ ಅಜ್ಜನ ಹೆಸರು, ಅದೇ ಊರು. ಷಡ್ಡಕನದ್ದು ಸುಲಭ: ಅಕ್ಕ ತಂಗಿಯರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡರಲ್ಲೂ ತಂದೆಯ ಹೆಸರು ಒಂದೇ, ಮೇಲೆ ಇಬ್ಬರದ್ದೂ ಮದುವೆ ನೋಂದಣಿ ಪತ್ರ.

ಎರಡನೇ ಪ್ರಶ್ನೆ ನಿರೀಕ್ಷಿಸಿದ್ದೇ. ದಾನಿ ರಿಟರ್ನ್ ಹಾಕಿಲ್ಲ, ಶಕ್ತಿ ಎಲ್ಲಿಂದ? ಪಹಣಿಯಲ್ಲಿ ಮೂರೂವರೆ ಎಕರೆ ಅಡಿಕೆ, ಎರಡು ವರ್ಷದ ಮಂಡಿ ಪಟ್ಟಿಗಳು, ಪ್ರತಿ ಪಟ್ಟಿಯ ಮೊತ್ತ ಖಾತೆಗೆ ಬಂದ ದಿನಾಂಕ. ಇವನ್ನ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಆಧಾರದ ಪುಟ ಸಂಖ್ಯೆ ಹಾಕಿ ಮೇಲೆ ಇಟ್ಟೆ. ಕೃಷಿ ಆದಾಯ ಮಾತ್ರ ಇರುವವನು ರಿಟರ್ನ್ ಹಾಕಬೇಕಿಲ್ಲ ಅಂತ ಒಂದು ಸಾಲು. ಆ ಹಾಳೆಯ ಜೊತೆ ಮಾವನಿಂದ ಬರೆಸಿದ ಒಂದು ಪತ್ರ ಇತ್ತು. ಅದರಲ್ಲಿ ಏನಿತ್ತು ಅನ್ನುವುದು ನನ್ನ ಹೊಟ್ಟೆಪಾಡು, ಅದೊಂದನ್ನ ಕೇಳಬೇಡಿ. ಆಮೇಲೆ ಪ್ರಶ್ನೆ ಬರಲಿಲ್ಲ, ಆರ್ಡರ್ ಬಂತು.

ಒಟ್ಟು ಖರ್ಚು ಸ್ಟ್ಯಾಂಪ್, ನೋಟರಿ, ಓಡಾಟ ಎಲ್ಲ ಸೇರಿ ಆರೇಳು ಸಾವಿರ ಇರಬಹುದು. ನನ್ನ ಫೀಸು ನಾನೇ ಕೊಟ್ಟುಕೊಳ್ಳಲಿಲ್ಲ.

2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯಲ್ಲಿ ಕಲಂ ನಂಬರುಗಳು ಬದಲಾಗಿವೆ, ಡೀಡ್ ನಮೂನೆಯಲ್ಲಿ ಹಳೆ ನಂಬರ್ ಹಾಗೇ ಬಿಡಬೇಡಿ. ನೆಂಟರ ಪಟ್ಟಿ ಅದೇ ಇದೆ. ಹೋದ ಸಲ ಮಾವನಿಗೆ ಮಂಡಿ ಆಪರೇಷನ್ ಆದಾಗ ಲಕ್ಷ ರೂಪಾಯಿ ನಾನು ನೇರವಾಗಿ ಅವನಿಗೆ ಹಾಕಲಿಲ್ಲ. ಅಮ್ಮ ತನ್ನ ಎಫ್‌ಡಿ ಮುರಿಸಿ ತಮ್ಮನಿಗೆ ಕಳಿಸಿದಳು, ಒಡಹುಟ್ಟಿದವರ ನಡುವೆ ತೆರಿಗೆಯ ಮಾತೇ ಇಲ್ಲ. ಅಮ್ಮನ ಮನೆಖರ್ಚು ಈಗ ನಾನು ನೋಡಿಕೊಳ್ಳುತ್ತಿದ್ದೇನೆ.